ತಾಳೆಯಾಗದ ₹40,896: ಸಣ್ಣ ವರ್ಕ್‌ಶಾಪ್ ಮಾಲೀಕರಿಗೊಂದು ಬಹಿರಂಗ ಪತ್ರ

ಮಾಕಳಿ, ದಾಸನಪುರ, ಮಾದಾವರ, ಪೀಣ್ಯದ ಸಣ್ಣ ವರ್ಕ್‌ಶಾಪ್ ಮಾಲೀಕರಿಗೆ ಮತ್ತು ಅವರ ಲೆಕ್ಕ ಬರೆಯುವ ಎಲ್ಲರಿಗೆ,



ತುಮಕೂರು ರಸ್ತೆಯ ಎರಡೂ ಬದಿಯಲ್ಲಿ ಲೇತ್, ಮಿಲ್ಲಿಂಗ್, ಶೀಟ್ ಮೆಟಲ್, ಪೌಡರ್ ಕೋಟಿಂಗ್ ಎಂದು ದುಡಿಯುತ್ತಿರುವವರು ನೀವು. ನಾನು ಮಾಕಳಿಯವನು. ನಿಮ್ಮಂಥವರ ಲೆಕ್ಕ ಬರೆದು, ಬೇರೆಯವರು ಬರೆದದ್ದನ್ನು ತಿದ್ದಿ ಬದುಕು ನಡೆಸಿದವನು. ನಿಮ್ಮಲ್ಲಿ ಎಷ್ಟೋ ಜನ ನನ್ನನ್ನು ಕಂಡರೆ ನಿಂತು ಮಾತಾಡಿಸುತ್ತೀರಿ. ಆ ಸಲುಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಬಹುಪಾಲು ಜನ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಕ್ಯಾಶ್ ಬುಕ್ಕನ್ನೂ ವರ್ಷಕ್ಕೊಮ್ಮೆ, ಆಡಿಟರ್ ಕೇಳಿದಾಗ ಮಾತ್ರ ತಾಳೆ ನೋಡುತ್ತೀರಿ. ಅದು ತೆರಿಗೆಯವರಿಗಾಗಿ ಮಾಡುವ ಕೆಲಸ ಎಂದುಕೊಂಡಿದ್ದೀರಿ. ನನ್ನ ಅನುಭವ ಬೇರೆ. ಪುಸ್ತಕಕ್ಕೂ ಬ್ಯಾಂಕಿಗೂ ನಡುವೆ ಉಳಿಯುವ ವ್ಯತ್ಯಾಸದೊಳಗೆ ಹಲವು ಸಂಗತಿಗಳು ಕೂತಿರುತ್ತವೆ, ಅವುಗಳಲ್ಲಿ ಕೆಲವಕ್ಕೆ ಗಡುವು ಇರುತ್ತದೆ. 30 ದಿನ, ಮೂರು ತಿಂಗಳು, ಕೆಲವು ಸಲ ಮೂರೇ ದಿನ. ಮಾರ್ಚ್ ಬರುವ ಹೊತ್ತಿಗೆ ಆ ಗಡುವುಗಳೆಲ್ಲ ಮುಗಿದುಹೋಗಿರುತ್ತವೆ. ಹಾಗಾಗಿ ಪ್ರತಿ ತಿಂಗಳ ಮೊದಲ ವಾರದಲ್ಲೇ ಈ ತಾಳೆ ಮುಗಿಸಿ ಎಂದು ಕೇಳಿಕೊಳ್ಳುತ್ತಿದ್ದೇನೆ. ಯಾಕೆ, ಹೇಗೆ ಎಂಬುದನ್ನು ಒಂದೇ ಒಂದು ವರ್ಕ್‌ಶಾಪಿನ ಒಂದೇ ತಿಂಗಳ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ.

ಆ ವರ್ಕ್‌ಶಾಪ್ ನಮ್ಮ ಮಾಕಳಿಯದೇ. ಹೆಸರು ಬೇಡ, ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಮಾಲೀಕರು ಒಬ್ಬರೇ, ಜಾಬ್ ವರ್ಕ್ ಮಾಡಿಕೊಡುವವರು. ತಿಂಗಳು 2025ರ ಅಕ್ಟೋಬರ್. 31ನೇ ತಾರೀಖು ಶುಕ್ರವಾರ ಸಂಜೆ ಕ್ಯಾಶ್ ಬುಕ್ಕಿನ ಬ್ಯಾಂಕ್ ಕಲಮಿನಲ್ಲಿ ಶಿಲ್ಕು ₹2,84,350. ಅದೇ ದಿನದ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ₹3,25,246. ಬ್ಯಾಂಕಿನಲ್ಲಿ ₹40,896 ಹೆಚ್ಚಿಗೆ ಇದೆ. ಮಾಲೀಕರು ಹೇಳಿದ ಮಾತು ನಿಮಗೂ ಪರಿಚಿತ: “ಜಾಸ್ತಿ ತಾನೆ ಇರೋದು, ಕಮ್ಮಿ ಏನಿಲ್ವಲ್ಲ, ಬಿಡಿ ಸಾರ್.”

ಬಿಡಬಾರದು. ಆ ₹40,896 ಒಂದೇ ಮೊತ್ತವಲ್ಲ. ಕೂಡುವವು, ಕಳೆಯುವವು ಎಲ್ಲ ಬೆರೆತು ಕೊನೆಗೆ ಉಳಿದ ಅಂಕಿ ಅದು. ಬಿಡಿಸಿ ನೋಡಿದಾಗ ಅದರೊಳಗೆ ಒಂಬತ್ತು ಬೇರೆ ಬೇರೆ ವ್ಯವಹಾರಗಳು ಸಿಕ್ಕವು. ಅವುಗಳಲ್ಲಿ ಒಂದು, ವಾಪಸಾದ ಚೆಕ್ಕು.

ತಾಳೆ ನೋಡುವ ಕ್ರಮ ಕಷ್ಟದ್ದಲ್ಲ, ಆದರೆ ಅನುಕ್ರಮ ತಪ್ಪಬಾರದು. ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಈ ತಿಂಗಳ ಸ್ಟೇಟ್‌ಮೆಂಟಲ್ಲ, ಹೋದ ತಿಂಗಳ ತಾಳೆಪಟ್ಟಿ. ಅದರಲ್ಲಿ “ಕೊಟ್ಟಿದ್ದೇವೆ, ಇನ್ನೂ ಪಾಸಾಗಿಲ್ಲ” ಎಂದು ಬರೆದಿಟ್ಟ ಚೆಕ್ಕುಗಳು ಈ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಂದಿವೆಯೇ ನೋಡಿ ಟಿಕ್ ಹಾಕಿ. ಆಮೇಲೆ ಸ್ಟೇಟ್‌ಮೆಂಟಿನ ಜಮೆಗಳನ್ನು ಪುಸ್ತಕದ ಜಮೆಗಳೊಂದಿಗೆ, ಸ್ಟೇಟ್‌ಮೆಂಟಿನ ಖರ್ಚುಗಳನ್ನು ಪುಸ್ತಕದ ಖರ್ಚುಗಳೊಂದಿಗೆ, ಚೆಕ್ ನಂಬರ್ ಮತ್ತು ಮೊತ್ತ ಎರಡನ್ನೂ ನೋಡಿ ಜೋಡಿಸುತ್ತಾ ಹೋಗಿ. ಇಲ್ಲಿ ಹೊಸಬರು ತಡವರಿಸುತ್ತಾರೆ, ಏಕೆಂದರೆ ನಿಮ್ಮ ಪುಸ್ತಕದ ಡೆಬಿಟ್ಟು ಬ್ಯಾಂಕಿನ ಕಾಗದದಲ್ಲಿ ಕ್ರೆಡಿಟ್ಟು. ಸ್ಟೇಟ್‌ಮೆಂಟ್ ಬ್ಯಾಂಕಿನವರ ಪುಸ್ತಕದ ಪ್ರತಿ. ನೀವು ಇಟ್ಟ ಹಣ ಅವರಿಗೆ ಸಾಲ, ಅದಕ್ಕೇ ಅಲ್ಲಿ ಅದು ಎದುರು ಕಲಮಿನಲ್ಲಿ ಇರುತ್ತದೆ. ಕ್ಯಾಶ್ ಕ್ರೆಡಿಟ್ ಅಥವಾ ಓವರ್‌ಡ್ರಾಫ್ಟ್ ಖಾತೆಯಿದ್ದು ನೀವೇ ಬ್ಯಾಂಕಿಗೆ ಸಾಲಗಾರರಾಗಿದ್ದರೆ ಶಿಲ್ಕಿನ ಚಿಹ್ನೆಯೂ ತಿರುಗುತ್ತದೆ. ಅಲ್ಲಿ ಕೂಡುವುದು ಕಳೆಯುವುದು ಅದಲುಬದಲಾಗದಂತೆ ಜಾಗ್ರತೆ ವಹಿಸಬೇಕು.

ಎರಡೂ ಕಡೆ ಟಿಕ್ ಬಿದ್ದವು ಮುಗಿದವು. ಟಿಕ್ ಬೀಳದೆ ಉಳಿದವೇ ನಮ್ಮ ಕೆಲಸ. ಅವು ಎರಡು ಜಾತಿ. ಪುಸ್ತಕದಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದವು ಒಂದು. ಬ್ಯಾಂಕಿನಲ್ಲಿದ್ದು ಪುಸ್ತಕದಲ್ಲಿ ಇಲ್ಲದವು ಇನ್ನೊಂದು. ಈ ಭೇದ ಕೈಬಿಟ್ಟರೆ ಇಡೀ ಕೆಲಸ ಕೆಡುತ್ತದೆ. ಮೊದಲನೆಯ ಜಾತಿಗೆ ಸಾಮಾನ್ಯವಾಗಿ ಪುಸ್ತಕದಲ್ಲಿ ಏನೂ ಬರೆಯಬೇಕಿಲ್ಲ, ಅವುಗಳನ್ನು ಪಟ್ಟಿ ಮಾಡಿ ಕಾಯಬೇಕು. ಎರಡನೆಯ ಜಾತಿಯನ್ನು ಕಾಯುವಂತಿಲ್ಲ, ಇಂದೇ ಪುಸ್ತಕಕ್ಕೆ ಇಳಿಸಬೇಕು.

ನಮ್ಮ ವರ್ಕ್‌ಶಾಪಿನ ಮೊದಲ ಜಾತಿಯನ್ನು ನೋಡೋಣ. ಕೊಟ್ಟ ಚೆಕ್ಕುಗಳಲ್ಲಿ ಮೂರು ಪಾಸಾಗಿರಲಿಲ್ಲ. ಅಕ್ಟೋಬರ್ 27ರಂದು ಸ್ಟೀಲ್ ವ್ಯಾಪಾರಿಗೆ ಬರೆದ ₹68,000, 30ರಂದು ಟೂಲ್ಸ್ ಅಂಗಡಿಗೆ ಬರೆದ ₹23,500, ಮತ್ತು ಜುಲೈ 9ರಂದು ವೈರಿಂಗ್ ಮಾಡಿದವರಿಗೆ ಬರೆದ ₹11,200. ಕಟ್ಟಿದರೂ ಜಮೆಯಾಗದ ಚೆಕ್ ಒಂದು: ಗಿರಾಕಿ ಕೊಟ್ಟ ₹92,000, ಅದನ್ನು 31ರ ಸಂಜೆ ಬ್ಯಾಂಕಿನ ಡಬ್ಬಿಗೆ ಹಾಕಿದ್ದರು.

ಈ ₹92,000 ಯಾಕೆ ಜಮೆಯಾಗಿಲ್ಲ? ಹಿಂದೆ ಚೆಕ್ ಪಾಸಾಗಲು ಎರಡು ದಿನ ಹಿಡಿಯುವುದು ಸಾಮಾನ್ಯವಾಗಿತ್ತು. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಪದ್ಧತಿ ಬದಲಿಸಿತು. ಆ ತಿಂಗಳು ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬ್ಯಾಂಕುಗಳು ಚೆಕ್ಕಿನ ಚಿತ್ರವನ್ನು ಆಗಿಂದಾಗ್ಗೆ ಕ್ಲಿಯರಿಂಗಿಗೆ ಕಳಿಸುತ್ತಿದ್ದವು, ಹಣ ಕೊಡಬೇಕಾದ ಬ್ಯಾಂಕ್ ಅಂದೇ ಸಂಜೆ 7ರೊಳಗೆ ಪಾಸೋ ಅಲ್ಲವೋ ಹೇಳಬೇಕಿತ್ತು. ಅಂದರೆ ಬೆಳಿಗ್ಗೆ ಕಟ್ಟಿದ ಚೆಕ್ಕು ಅದೇ ದಿನ ಇತ್ಯರ್ಥವಾಗಬೇಕು. ನಮ್ಮ ವರ್ಕ್‌ಶಾಪಿನ ಚೆಕ್ಕು 4 ಗಂಟೆ ದಾಟಿದ ಮೇಲೆ ಡಬ್ಬಿಗೆ ಬಿತ್ತು. ಮಾರನೆಯ ದಿನ ನವೆಂಬರ್ 1, ರಾಜ್ಯೋತ್ಸವದ ರಜೆ. ಅದರ ಮಾರನೆಯ ದಿನ ಭಾನುವಾರ. ಹಾಗಾಗಿ ನವೆಂಬರ್ 3ರ ಸೋಮವಾರ ಜಮೆಯಾಯಿತು. ಪುಸ್ತಕದಲ್ಲಿ ಅಕ್ಟೋಬರ್, ಬ್ಯಾಂಕಿನಲ್ಲಿ ನವೆಂಬರ್. ಇಬ್ಬರೂ ಸರಿ. ಇಲ್ಲಿ ತಿದ್ದುವುದಕ್ಕೆ ಏನೂ ಇಲ್ಲ, 3ನೇ ತಾರೀಖಿನ ಸ್ಟೇಟ್‌ಮೆಂಟಿನಲ್ಲಿ ಬಂತೇ ಎಂದು ನೋಡಿಕೊಂಡರೆ ಸಾಕು.

ಆದರೆ ಆ ನೋಡಿಕೊಳ್ಳುವುದನ್ನು ಮರೆಯಬೇಡಿ. ತುಮಕೂರು ರಸ್ತೆಯ ಒಂದು ಶೆಡ್ಡಿನಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಅಲ್ಲಿ ಗುಜರಿ ಮಾರಿದ ನಗದನ್ನು ಅಕೌಂಟೆಂಟ್ ಬ್ಯಾಂಕಿಗೆ ಕಟ್ಟಿದಂತೆ ತಿಂಗಳ ಕೊನೆಯಲ್ಲಿ ಬರೆಯುತ್ತಿದ್ದ, ತಾಳೆಪಟ್ಟಿಯಲ್ಲಿ “ಕಟ್ಟಿದೆ, ಜಮೆಯಾಗಿಲ್ಲ” ಎಂದು ತೋರಿಸುತ್ತಿದ್ದ. ಪಟ್ಟಿ ಪ್ರತಿ ತಿಂಗಳೂ ಸರಿಯಾಗಿ ಕೂಡುತ್ತಿತ್ತು. ಆದರೆ ನಗದು ಕೌಂಟರಿನಲ್ಲಿ ಕಟ್ಟಿದ ಕೂಡಲೇ ಜಮೆಯಾಗುತ್ತದೆ. ಅದು ದಾರಿಯಲ್ಲಿ ಒಂದು ವಾರ, ಹತ್ತು ದಿನ ಇರಲು ಸಾಧ್ಯವೇ ಇಲ್ಲ. ಕಟ್ಟಿದ ಚಲನ್ ತರಿಸಿದಾಗ ಅದರ ತಾರೀಖು ಮುಂದಿನ ತಿಂಗಳ ನಡುವಿನದು. ಈ ತಿಂಗಳ ಹಣವನ್ನು ತಾನು ಬಳಸಿ, ಮುಂದಿನ ತಿಂಗಳ ಗುಜರಿ ಹಣದಿಂದ ಹಿಂದಿನದನ್ನು ತುಂಬುತ್ತಿದ್ದ. ಅದನ್ನು ಹಿಡಿದುಕೊಟ್ಟದ್ದು ದೊಡ್ಡ ಆಡಿಟ್ಟಲ್ಲ, “ಜಮೆಯಾಗಿಲ್ಲ” ಎಂಬ ಸಾಲಿನ ಎದುರು ಜಮೆಯಾದ ತಾರೀಖನ್ನು ಬರೆಯಲು ಹಠ ಹಿಡಿದದ್ದು. ಆದ್ದರಿಂದ ನಗದು ಒಂದು ರಾತ್ರಿಗಿಂತ ಹೆಚ್ಚು, ಚೆಕ್ಕು ಎರಡು ಕೆಲಸದ ದಿನಕ್ಕಿಂತ ಹೆಚ್ಚು “ದಾರಿಯಲ್ಲಿ” ಇದ್ದರೆ ಚಲನ್ ಕೇಳಿ. ರಜೆಗಳು ಬಂದಿದ್ದರೆ ಮಾತ್ರ ಅವುಗಳನ್ನು ಬಿಟ್ಟು ಎಣಿಸಿ.

ಇನ್ನು ಪಾಸಾಗದ ಮೂರು ಚೆಕ್ಕುಗಳು. ₹68,000 ಮತ್ತು ₹23,500 ಕೆಲವೇ ದಿನದವು, ಕೂಡಿದರೆ ₹91,500. ಇವು ಬಂದೇ ಬರುತ್ತವೆ. ಮೊಬೈಲಿನಲ್ಲಿ ಬ್ಯಾಂಕ್ ಆ್ಯಪ್ ತೆರೆದು ₹3,25,246 ನೋಡಿ, ಅಷ್ಟೂ ನಮ್ಮದೇ ಎಂದು ಖರ್ಚಿಗೆ ಇಳಿಯುವವರು ಎಷ್ಟು ಜನ! ಅಂದು ಸಂಜೆ ಆ ಮಾಲೀಕರು ನಿಜಕ್ಕೂ ಕೈ ಹಾಕಬಹುದಾಗಿದ್ದ ಹಣ ₹2,33,746. ಉಳಿದದ್ದು ಸ್ಟೀಲ್ ವ್ಯಾಪಾರಿಗೂ ಟೂಲ್ಸ್ ಅಂಗಡಿಗೂ ಸೇರಿದ್ದು. ಈಗ ಚೆಕ್ಕು ಅದೇ ದಿನ ಪಾಸಾಗುವುದರಿಂದ, “ನಾಳೆ ಹೊತ್ತಿಗೆ ಹಣ ತುಂಬಿದರಾಯ್ತು” ಎಂದು ಮೊದಲೆಲ್ಲ ಸಿಗುತ್ತಿದ್ದ ಸಮಯವೂ ಇಲ್ಲ. ಆ್ಯಪ್ ತೋರಿಸುವ ಶಿಲ್ಕನ್ನು ನೋಡಿ ಚೆಕ್ ಬರೆಯಬೇಡಿ. ಪಾಸಾಗದ ಚೆಕ್ಕುಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ.

ಜುಲೈ 9ರ ₹11,200 ಮಾತ್ರ ಬೇರೆ ಕಥೆ. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಅದರ ಮೇಲಿನ ತಾರೀಖಿನಿಂದ ಮೂರೇ ತಿಂಗಳು. ಅದಕ್ಕೂ ಮುಂಚೆ ಆರು ತಿಂಗಳಿತ್ತು. ಅಕ್ಟೋಬರ್ 9ಕ್ಕೆ ಈ ಚೆಕ್ಕು ಸತ್ತಿತ್ತು. ಆದರೂ ತಾಳೆಪಟ್ಟಿಯಲ್ಲಿ ಅದು “ಪಾಸಾಗಬೇಕಾದದ್ದು” ಎಂದೇ ಕೂತಿತ್ತು. ಹೀಗೆ ವರ್ಷಗಟ್ಟಲೆ ಕೂತ ಚೆಕ್ಕುಗಳನ್ನು ನಾನು ನೋಡಿದ್ದೇನೆ. ಇದನ್ನು ಪಟ್ಟಿಯಿಂದ ತೆಗೆದು ಪುಸ್ತಕದಲ್ಲಿ ಹಿಂದಕ್ಕೆ ಜಮೆ ಮಾಡಬೇಕು. ಆದರೆ ಆದಾಯಕ್ಕಲ್ಲ, ಆ ವೈರಿಂಗ್‌ನವರ ಖಾತೆಗೆ. ಕೆಲಸ ಅವರು ಮಾಡಿದ್ದಾರೆ, ಹಣ ಇನ್ನೂ ಅವರಿಗೆ ಸಲ್ಲಬೇಕು. ಹಾಗೆ ಬರೆಯುವ ಮುಂಚೆ ಅವರಿಗೊಂದು ಫೋನ್ ಮಾಡಿ. ಚೆಕ್ ಕಳೆದುಹೋಗಿ ಯಾರೋ ನಗದು ಕೊಟ್ಟಿರುವುದೂ ಉಂಟು, ಆ ನಗದು ಬೇರೆ ಯಾವುದೋ ಖರ್ಚಿನ ಹೆಸರಲ್ಲಿ ಕೂತಿರುವುದೂ ಉಂಟು. ಕೇಳದೆ ಹಿಂದಕ್ಕೆ ಜಮೆ ಮಾಡಿದರೆ ಒಂದೇ ಕೆಲಸಕ್ಕೆ ಎರಡು ಸಲ ಹಣ ಕೊಡುತ್ತೀರಿ. ನಮ್ಮ ವೈರಿಂಗ್‌ನವರು ಚೆಕ್ ಎಲ್ಲೋ ಇಟ್ಟು ಮರೆತಿದ್ದರು, ನಗದು ಪಡೆದಿರಲಿಲ್ಲ. ಹಿಂದಕ್ಕೆ ಬರೆದು, ನೆಫ್ಟ್ ಮೂಲಕ ಕೊಟ್ಟದ್ದಾಯಿತು. ಚೆಕ್ಕು ಇನ್ನೂ ಜೀವಂತ ಇರುವಾಗಲೇ ಕಳೆದುಹೋಗಿದ್ದರೆ ಮೊದಲು ಬ್ಯಾಂಕಿಗೆ “ಹಣ ತಡೆಯಿರಿ” ಎಂದು ಬರೆದುಕೊಟ್ಟು, ಆಮೇಲೆ ಬದಲಿ ಕೊಡಬೇಕು.

ಈಗ ಎರಡನೆಯ ಜಾತಿ: ಬ್ಯಾಂಕಿನ ಕಾಗದದಲ್ಲಿದ್ದು ನಮ್ಮ ಪುಸ್ತಕಕ್ಕೆ ಬಾರದವು. ಎಲ್ಲಕ್ಕಿಂತ ಮುಖ್ಯವಾದದ್ದು ವಾಪಸಾದ ಚೆಕ್ಕು. ಅಕ್ಟೋಬರ್ 29ರಂದು ಒಬ್ಬ ಗಿರಾಕಿಯ ₹27,000 ಚೆಕ್ಕನ್ನು ಕಟ್ಟಿದ್ದರು. ಪುಸ್ತಕದಲ್ಲಿ ಅಂದೇ ಜಮೆ ಬರೆದಿದ್ದರು. ಸ್ಟೇಟ್‌ಮೆಂಟ್ ನೋಡಿದರೆ ಅದೇ ದಿನ ಒಂದು ಸಾಲಿನಲ್ಲಿ ₹27,000 ಜಮೆ, ಕೆಳಗಿನ ಸಾಲಿನಲ್ಲಿ ₹27,000 ವಾಪಸು, ಅದರ ಕೆಳಗೆ ₹354 ಶುಲ್ಕ. ಖಾತೆಯಲ್ಲಿ ಹಣ ಸಾಲದೆ ಚೆಕ್ಕು ಬೌನ್ಸ್ ಆಗಿತ್ತು.

ಪುಸ್ತಕ ತಿದ್ದದಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಆ ಗಿರಾಕಿಯ ಲೆಡ್ಜರ್ “ಪಾವತಿಯಾಗಿದೆ” ಎಂದೇ ತೋರಿಸುತ್ತದೆ. ಬಾಕಿ ವಸೂಲಿಯ ಪಟ್ಟಿಯಲ್ಲಿ ಅವನ ಹೆಸರೇ ಇರುವುದಿಲ್ಲ. ಯಾರೂ ಫೋನ್ ಮಾಡುವುದಿಲ್ಲ, ಅವನಾಗಿಯೇ ಹೇಳುವುದೂ ಇಲ್ಲ. ಇನ್ನೊಂದು ಕಡೆ ಗಡುವು ಓಡುತ್ತಿರುತ್ತದೆ. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ದಾರಿ ಹಿಡಿಯಬೇಕಾದರೆ, ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನದೊಳಗೆ ಅವನು ಹಣ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಹೋಗಬೇಕು. ಅಂದೇ ಮಾಹಿತಿ ಸಿಕ್ಕಿತೆಂದು ಹಿಡಿದರೆ ನಮ್ಮ ವರ್ಕ್‌ಶಾಪಿಗೆ ನೋಟಿಸಿನ ಕೊನೆಯ ದಿನ ನವೆಂಬರ್ 28. ಅದನ್ನು ದಾಟಿದರೂ ಚೆಕ್ಕಿನ ಮೂರು ತಿಂಗಳ ಆಯುಷ್ಯದೊಳಗೆ ಮತ್ತೊಮ್ಮೆ ಕಟ್ಟಿ ನೋಡುವ ಅವಕಾಶ ಉಂಟು. ಮಾರ್ಚ್ ಹೊತ್ತಿಗೆ ಅದೂ ಇರುವುದಿಲ್ಲ. ಸಿವಿಲ್ ದಾವೆಯ ದಾರಿ ಉಳಿಯುತ್ತದೆ, ಆದರೆ ಚೆಕ್ಕಿಗೆ ಇದ್ದ ಬಲ ಹೋಗಿರುತ್ತದೆ.

ನಮ್ಮ ಮಾಲೀಕರು ನವೆಂಬರ್ ಮೊದಲ ವಾರದಲ್ಲೇ ತಾಳೆ ನೋಡಿದ್ದರಿಂದ ನೋಟಿಸಿನವರೆಗೂ ಹೋಗಬೇಕಾಗಲಿಲ್ಲ. ಗಿರಾಕಿಗೆ ಬ್ಯಾಂಕಿನ ವಾಪಸಾತಿ ಚೀಟಿಯ ಫೋಟೋ ಕಳಿಸಿದರು, ಹಣ ಬಂತು. ಈ ಪತ್ರದಿಂದ ನೀವು ಒಂದೇ ಮಾತು ನೆನಪಿಡುವುದಾದರೆ ಈ ₹27,000 ನೆನಪಿಡಿ. ಬ್ಯಾಂಕಿನಲ್ಲಿ ಹಣ “ಜಾಸ್ತಿ” ಕಾಣುತ್ತಿದ್ದಾಗಲೇ ಅದರ ಕೆಳಗೆ ಈ ನಷ್ಟ ಮುಚ್ಚಿಕೊಂಡಿತ್ತು.

ಮುಂದಿನದು ₹58,500. ನೆಫ್ಟ್ ಮೂಲಕ ಬಂದ ಜಮೆ, ವಿವರದಲ್ಲಿ ಅರ್ಧ ಕತ್ತರಿಸಿದ ಕಂಪನಿ ಹೆಸರು. ಯಾರದ್ದೆಂದು ತಿಳಿಯದೆ ಅಕೌಂಟೆಂಟ್ ಹುಡುಗಿ ಅದನ್ನು ಬರೆಯದೆ ಬಿಟ್ಟಿದ್ದಳು. ಬಿಲ್ಲುಗಳಲ್ಲಿ ₹58,500 ಎಂದು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಆ ಮೊತ್ತದ ಬಿಲ್ಲೇ ಇಲ್ಲ. ಬಿಲ್ಲು ₹59,000ದ್ದು: ಕೂಲಿ ₹50,000, ಅದರ ಮೇಲೆ ಶೇ. 18 ಜಿಎಸ್‌ಟಿ ₹9,000. ಗಿರಾಕಿ ಕಂಪನಿ ಕೂಲಿಯ ಮೇಲೆ ಶೇ. 1ರಂತೆ ₹500 ಟಿಡಿಎಸ್ ಹಿಡಿದು ಉಳಿದದ್ದನ್ನು ಹಾಕಿತ್ತು. ಗುರುತು ಸಿಗದ ಜಮೆ ಕಂಡಾಗ ಮೊತ್ತವನ್ನಷ್ಟೇ ಹುಡುಕಬೇಡಿ, ಟಿಡಿಎಸ್ ಕಳೆದ ಮೊತ್ತವನ್ನು ಹುಡುಕಿ. ಪುಸ್ತಕದಲ್ಲಿ ಬ್ಯಾಂಕಿಗೆ ₹58,500, ಟಿಡಿಎಸ್ ಬರಬೇಕಾದ ಖಾತೆಗೆ ₹500, ಗಿರಾಕಿ ಖಾತೆಯಿಂದ ಪೂರ್ತಿ ₹59,000 ಎಂದು ಬರೆದರೆ ಮುಗಿಯಿತು. ಬರೆಯದಿದ್ದರೆ ಒಳ್ಳೆಯ ಗಿರಾಕಿಗೆ “ಬಾಕಿ ಕೊಡಿ” ಎಂದು ಇನ್ನೊಮ್ಮೆ ಫೋನ್ ಹೋಗುತ್ತದೆ. ವರ್ಷದ ಕೊನೆಗೆ ಆ ₹500 ತೆರಿಗೆಯೂ ನಿಮ್ಮ ಲೆಕ್ಕದಿಂದ ಜಾರುತ್ತದೆ.

ಉಳಿದವು ಸಣ್ಣವು. ಬ್ಯಾಂಕ್ ಶುಲ್ಕ ₹500, ಅದರ ಮೇಲೆ ಜಿಎಸ್‌ಟಿ ₹90. ಚೆಕ್ ವಾಪಸಾದದ್ದಕ್ಕೆ ₹300, ಅದರ ಮೇಲೆ ₹54. ಇವನ್ನು ಪೂರ್ತಿ ಖರ್ಚಿಗೆ ಹಾಕಿಬಿಡುವ ರೂಢಿ ಇದೆ. ನಿಮ್ಮ ಜಿಎಸ್‌ಟಿ ನಂಬರನ್ನು ಬ್ಯಾಂಕಿಗೆ ಕೊಟ್ಟಿದ್ದರೆ ಆ ತೆರಿಗೆ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸುತ್ತದೆ; ಅಷ್ಟನ್ನು ಬೇರೆ ಬರೆದು ಇನ್‌ಪುಟ್ ಪಡೆಯಿರಿ. ಕೊಟ್ಟಿಲ್ಲದಿದ್ದರೆ ಮುಂದಿನ ಸಲ ಶಾಖೆಗೆ ಹೋದಾಗ ಕೊಡಿ.

ಕೊನೆಯದು ಕರೆಂಟ್ ಬಿಲ್ಲು. ಬ್ಯಾಂಕಿನಿಂದ ಹೋದದ್ದು ₹7,840, ಪುಸ್ತಕದಲ್ಲಿ ಬರೆದದ್ದು ₹7,480. ಎರಡು ಅಂಕಿ ಅದಲುಬದಲು. ವ್ಯತ್ಯಾಸ ₹360. ಹಳೆಯ ಲೆಕ್ಕಿಗರು ಇಂಥದ್ದನ್ನು ಹುಡುಕುವುದಕ್ಕೆ ಬಳಸುತ್ತಿದ್ದ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ. ಎಲ್ಲ ಜೋಡಿಸಿದ ಮೇಲೂ ಉಳಿದ ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ, ಎಲ್ಲೋ ಅಂಕಿಗಳು ಹಿಂದುಮುಂದಾಗಿರುವ ಸಂಭವ ಹೆಚ್ಚು. ಹಾಗೆಯೇ ವ್ಯತ್ಯಾಸದ ಅರ್ಧ ಮೊತ್ತದ ನಮೂದು ಪುಸ್ತಕದಲ್ಲಿ ಸಿಕ್ಕರೆ, ಅದು ಜಮೆ ಬದಲು ಖರ್ಚಿಗೆ ಅಥವಾ ಖರ್ಚಿನ ಬದಲು ಜಮೆಗೆ ಬಿದ್ದಿರಬಹುದು. ಇವು ಸೂಚನೆಗಳು, ಪುರಾವೆಗಳಲ್ಲ. ಚೀಟಿ ನೋಡಿಯೇ ತಿದ್ದಬೇಕು.

ಈಗ ಎರಡೂ ಕಡೆಯಿಂದ ನಡೆದು ಒಂದೇ ಜಾಗಕ್ಕೆ ಬರೋಣ. ಪುಸ್ತಕದ ₹2,84,350ಕ್ಕೆ ನೆಫ್ಟ್ ₹58,500 ಮತ್ತು ಆಯುಷ್ಯ ಮುಗಿದ ಚೆಕ್ಕಿನ ₹11,200 ಕೂಡಿಸಿ. ವಾಪಸಾದ ₹27,000, ಅದರ ಶುಲ್ಕ ₹354, ಬ್ಯಾಂಕ್ ಶುಲ್ಕ ₹590, ಕರೆಂಟ್ ಬಿಲ್ಲಿನ ₹360 ಕಳೆಯಿರಿ. ₹3,25,746. ಬ್ಯಾಂಕಿನ ₹3,25,246ಕ್ಕೆ ಜಮೆಯಾಗಬೇಕಾದ ₹92,000 ಕೂಡಿಸಿ, ಪಾಸಾಗಬೇಕಾದ ₹91,500 ಕಳೆಯಿರಿ. ₹3,25,746. ಎರಡೂ ಒಂದೇ. ಪುಸ್ತಕದ ಕಡೆಯ ಆರೂ ಹೊಂದಾಣಿಕೆಗಳಿಗೆ ವೋಚರ್ ಹಾಕಬೇಕು, ಬ್ಯಾಂಕಿನ ಕಡೆಯವುಗಳಿಗೆ ಹಾಕಬಾರದು. ಇಷ್ಟೇ ತಾಳೆಪಟ್ಟಿ.

ಒಮ್ಮೊಮ್ಮೆ ತಪ್ಪು ಬ್ಯಾಂಕಿನದೇ ಆಗಿರುತ್ತದೆ. ಆಗ ಪುಸ್ತಕ ಮುಟ್ಟಬೇಡಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ.

ಲೆಕ್ಕ ಬರೆಯುವ ಮಕ್ಕಳೇ, ಈಗ ನಿಮ್ಮ ಹತ್ತಿರ ಎರಡು ಮಾತು. ನಿಮ್ಮಲ್ಲಿ ಹೆಚ್ಚಿನವರು ಬಳಸುವುದು ನಮ್ಮ ಬೆಂಗಳೂರಿನಲ್ಲೇ ತಯಾರಾದ ಟ್ಯಾಲಿ. ಅದರ Bank Reconciliation ಪರದೆಯಲ್ಲಿ ಪ್ರತಿ ವೋಚರಿನ ಎದುರು Bank Date ಎಂಬ ಖಾಲಿ ಜಾಗವಿದೆ. ಸ್ಟೇಟ್‌ಮೆಂಟಿನಲ್ಲಿ ಆ ವ್ಯವಹಾರ ಕಂಡ ತಾರೀಖನ್ನು ಅಲ್ಲಿ ಹಾಕಬೇಕು. ಮಾರ್ಚ್ ಒತ್ತಡದಲ್ಲಿ ನಿಮ್ಮಲ್ಲಿ ಕೆಲವರು ಸ್ಟೇಟ್‌ಮೆಂಟ್ ನೋಡದೆಯೇ ವೋಚರಿನ ತಾರೀಖನ್ನೇ ಎಲ್ಲದಕ್ಕೂ ತುಂಬಿಬಿಡುತ್ತೀರಿ. ಹಾಗೆ ಮಾಡಿದ ಪುಸ್ತಕ ನೋಡಿದ ಕೂಡಲೇ ಗೊತ್ತಾಗುತ್ತದೆ: ಕೊಯಮತ್ತೂರಿನ ಪಾರ್ಟಿಗೆ ಕೊರಿಯರ್ ಮಾಡಿದ ಚೆಕ್ಕು ಬರೆದ ದಿನವೇ ಪಾಸಾದಂತೆ ಇರುತ್ತದೆ. ಉಳಿದ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಅಥವಾ “ಬ್ಯಾಂಕ್ ಚಾರ್ಜಸ್”ಗೆ ತಳ್ಳುವುದೂ ಅಷ್ಟೇ ಕೆಟ್ಟದ್ದು. ನಮ್ಮ ವರ್ಕ್‌ಶಾಪಿನ ₹40,896ನ್ನು ಹಾಗೆ ತಳ್ಳಿದ್ದರೆ ಪಟ್ಟಿ ಆ ಕ್ಷಣ ಸರಿಹೋಗುತ್ತಿತ್ತು, ಬೌನ್ಸ್ ಆದ ಚೆಕ್ಕು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸಿಗದ ವ್ಯತ್ಯಾಸವಿದ್ದರೆ “ಇಷ್ಟು ಸಿಕ್ಕಿಲ್ಲ” ಎಂದು ಪಟ್ಟಿಯ ಕೆಳಗೆ ಬರೆಯಿರಿ. ಅದರಲ್ಲಿ ಅವಮಾನವಿಲ್ಲ. ನಿಮ್ಮ ಮಾಲೀಕರು ಅದಕ್ಕೆ ಬೈಯುವವರಾದರೆ ಅವರಿಗೆ ಈ ಪತ್ರ ತೋರಿಸಿ.

ಮಾಲೀಕರೇ, ನಿಮಗೆ ಹೇಳಬೇಕಾದ ಇನ್ನೊಂದು ಮಾತು ಸ್ವಲ್ಪ ಕಟುವಾದದ್ದು. ಚೆಕ್ ಬರೆಯುವವರು, ಬ್ಯಾಂಕಿಗೆ ಹೋಗುವವರು, ಪುಸ್ತಕ ಬರೆಯುವವರು, ತಾಳೆ ನೋಡುವವರು ನಿಮ್ಮಲ್ಲಿ ಒಬ್ಬರೇ ಆಗಿರುತ್ತಾರೆ. ಸಣ್ಣ ಜಾಗದಲ್ಲಿ ನಾಲ್ಕು ಜನರನ್ನು ಇಡುವುದು ಆಗದು, ನನಗೆ ಗೊತ್ತು. ಆದರೆ ತಾಳೆಪಟ್ಟಿಯನ್ನು ಸ್ಟೇಟ್‌ಮೆಂಟಿನೊಂದಿಗೆ ಹೋಲಿಸುವ ಒಂದು ಗಂಟೆ ನಿಮ್ಮದಾಗಿರಲಿ. ಆ ಸ್ಟೇಟ್‌ಮೆಂಟನ್ನು ಬ್ಯಾಂಕಿನ ತಾಣದಿಂದ ನೀವೇ ಪಿಡಿಎಫ್‌ನಲ್ಲಿ ಇಳಿಸಿಕೊಳ್ಳಿ. ಅಕೌಂಟೆಂಟ್ ಕೊಡುವ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು ತೆಗೆಯುವುದಕ್ಕೆ ಒಂದು ಕೀಲಿ ಒತ್ತಿದರೆ ಸಾಕು. ಸ್ಟೇಟ್‌ಮೆಂಟಿನಲ್ಲಿ ಪಾಸಾದ ಚೆಕ್ ನಂಬರುಗಳನ್ನು ಮೇಲಿನಿಂದ ಕೆಳಗೆ ನೋಡಿ. ಈಗ ಬಳಕೆಯಲ್ಲಿರುವ ಸರಣಿಗಿಂತ ಬಹಳ ಮುಂದಿನ ನಂಬರ್ ಕಂಡರೆ, ಚೆಕ್ ಬುಕ್ಕಿನ ಹಿಂಭಾಗದಿಂದ ಹಾಳೆ ಹೋಗಿದೆಯೇ ಎಂದು ಅಂದೇ ಬುಕ್ ತೆರೆದು ನೋಡಿ. ₹50,000 ಮತ್ತು ಮೇಲ್ಪಟ್ಟ ಚೆಕ್ಕುಗಳ ವಿವರವನ್ನು ಮುಂಚೆಯೇ ಬ್ಯಾಂಕಿಗೆ ತಿಳಿಸುವ ಪಾಸಿಟಿವ್ ಪೇ ವ್ಯವಸ್ಥೆ 2021ರ ಜನವರಿ 1ರಿಂದ ಇದೆ, ಅದನ್ನು ಬಳಸಿ.

ಇದು ಸಣ್ಣವರಿಗಷ್ಟೇ ಬರುವ ತೊಂದರೆಯಲ್ಲ. 2024ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಎರಡು ರಾಷ್ಟ್ರೀಯ ಬ್ಯಾಂಕುಗಳಲ್ಲಿನ ತನ್ನ ಇಲಾಖೆಗಳ ಖಾತೆ ಮುಚ್ಚಲು ಆದೇಶಿಸಿ, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದದ್ದು ನಿಮಗೆ ನೆನಪಿರಬಹುದು. ಅದರ ಹಿಂದಿದ್ದ ವಿವಾದಗಳಲ್ಲಿ ಒಂದು ನಮ್ಮೆಲ್ಲರಿಗೂ ಪರಿಚಿತವಾದ ಕೆಐಎಡಿಬಿಯ ₹12 ಕೋಟಿ ಠೇವಣಿಯದು. 2011ರಲ್ಲಿ ಇಟ್ಟ ಠೇವಣಿ ಅವಧಿ ಮುಗಿದ ಮೇಲೂ ವಾಪಸಾಗಿರಲಿಲ್ಲ. ಕೈಯಲ್ಲಿರುವ ರಸೀದಿಯೂ ಬ್ಯಾಂಕಿನ ಪುಸ್ತಕವೂ ಒಂದೇ ಮಾತು ಹೇಳುತ್ತಿವೆಯೇ ಎಂದು ನಡುನಡುವೆ ಕೇಳುತ್ತಿರಬೇಕು. ನಿಮ್ಮ ಬಳಿ ಫಿಕ್ಸೆಡ್ ಡೆಪಾಸಿಟ್ ಇದ್ದರೆ ಅದರ ಶಿಲ್ಕನ್ನೂ ಬ್ಯಾಂಕಿನ ತಾಣದಲ್ಲಿ ನೋಡಿ.

ಮೂರು ದಿನದ ಗಡುವಿನ ವಿಷಯ ಉಳಿಯಿತು. ನಿಮ್ಮ ಒಪ್ಪಿಗೆಯಿಲ್ಲದೆ, ನಿಮ್ಮ ತಪ್ಪೂ ಇಲ್ಲದೆ, ಹೊರಗಿನವರ ಮೋಸದಿಂದ ಖಾತೆಯಿಂದ ಆನ್‌ಲೈನಿನಲ್ಲಿ ಹಣ ಹೋದರೆ ಏನು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದೆ. ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎನ್ನುತ್ತದೆ ಅದು. ನಾಲ್ಕರಿಂದ ಏಳು ದಿನವಾದರೆ ಸಣ್ಣ ಉದ್ದಿಮೆಗಳ ಕರೆಂಟ್ ಖಾತೆಗೆ ನಿಮ್ಮ ಪಾಲಿನ ನಷ್ಟಕ್ಕೆ ₹10,000ದ ಮಿತಿ. ಅದನ್ನೂ ಮೀರಿದರೆ ಆಯಾ ಬ್ಯಾಂಕಿನ ನೀತಿಯಂತೆ. ಒಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೆ ಈ ರಕ್ಷಣೆ ಸಿಗದು, ನೀವು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ತಿಂಗಳಿಗೊಮ್ಮೆ ತಾಳೆ ನೋಡುವವರಿಗೆ ಈ ಮೂರು ದಿನ ದಕ್ಕುವುದಿಲ್ಲ. ಆದ್ದರಿಂದ ಬ್ಯಾಂಕಿನ ಎಸ್‌ಎಂಎಸ್ ಬರುವ ಮೊಬೈಲ್ ನಂಬರ್ ನಿಮ್ಮದೇ ಆಗಿರಲಿ, ಕೆಲಸ ಬಿಟ್ಟು ಹೋದ ಅಕೌಂಟೆಂಟಿನದ್ದಲ್ಲ. ಈ ತಪ್ಪನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಾಳೆ ಬೆಳಿಗ್ಗೆಯೇ ಶಾಖೆಗೆ ಹೋಗಿ ಯಾವ ನಂಬರ್ ಇದೆ ಎಂದು ಕೇಳಿ, ದಯವಿಟ್ಟು.

ನನ್ನ ಕೋರಿಕೆ ಇಷ್ಟು. ಪ್ರತಿ ತಿಂಗಳು 7ನೇ ತಾರೀಖಿನೊಳಗೆ ತಾಳೆಪಟ್ಟಿ ನಿಮ್ಮ ಮೇಜಿಗೆ ಬರಲಿ. ಪಾಸಾಗದ ಪ್ರತಿ ಚೆಕ್ಕಿನ ಎದುರು ಅದರ ತಾರೀಖು, ಜಮೆಯಾಗದ ಪ್ರತಿ ಹಣದ ಎದುರು ಅದು ಕೊನೆಗೆ ಜಮೆಯಾದ ತಾರೀಖು ಇರಲಿ. ನೋಡಿ ಸಹಿ ಹಾಕಿ, ಫೈಲಿನಲ್ಲಿ ಇಡಿ. ಆಡಿಟರ್ ಬಂದಾಗ ಆ ಹನ್ನೆರಡು ಹಾಳೆಗಳನ್ನು ಕೊಟ್ಟರೆ ಸಾಕು. ಶುರು ಮಾಡುವುದು ಹೇಗೆಂದು ತಿಳಿಯದವರು ಹೋದ ತಿಂಗಳ ಸ್ಟೇಟ್‌ಮೆಂಟ್, ಕ್ಯಾಶ್ ಬುಕ್ಕು ಮತ್ತು ಚೆಕ್ ಬುಕ್ಕಿನ ಕೌಂಟರ್ ಫಾಯಿಲ್ ಹಿಡಿದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ. ಶುಲ್ಕವೇನೂ ಬೇಡ. ಮೊದಲ ತಿಂಗಳಿನದನ್ನು ಜೊತೆಯಲ್ಲಿ ಕೂತು ಮುಗಿಸೋಣ, ಎರಡನೆಯದನ್ನು ನೀವೇ ಮಾಡಿ ತಂದು ತೋರಿಸಿ.



ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಿಗ
ಮಾಕಳಿ, ಬೆಂಗಳೂರು ಉತ್ತರ ತಾಲ್ಲೂಕು